ಮಾದರಿ ಉತ್ತರದ ಪಕ್ಕದಲ್ಲಿ ನಮ್ಮ ಉತ್ತರಪತ್ರಿಕೆ: ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಮುನ್ನದ ಒಂದು ಪ್ರಕರಣ

ಹಿನ್ನೆಲೆ

ಇದು ಹನ್ನೆರಡನೇ ತರಗತಿಯ ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ. ಆಕೆಯ ಹೆಸರು, ಊರು, ಪರೀಕ್ಷಾ ಮಂಡಳಿ ಮತ್ತು ವರ್ಷವನ್ನು ಬೇಕೆಂದೇ ಬಿಟ್ಟಿದ್ದೇನೆ. ಆಕೆ ಓದಿದ್ದು ನಾನು ಪಾಠ ಮಾಡುವ ಕಾಲೇಜಿನಲ್ಲಲ್ಲ. ಪರಿಚಿತರ ಮೂಲಕ ತಂದೆಯ ಜೊತೆಗೆ ಬಂದು, ಭೌತಶಾಸ್ತ್ರದ ಉತ್ತರಪತ್ರಿಕೆಯನ್ನು ನೋಡಿಕೊಡಬೇಕೆಂದು ಕೇಳಿದ್ದರು.

ಭೌತಶಾಸ್ತ್ರದ ಲಿಖಿತ ಪರೀಕ್ಷೆ 70 ಅಂಕಗಳದ್ದು, ಉಳಿದ 30 ಪ್ರಾಯೋಗಿಕ ಪರೀಕ್ಷೆಯದು. ಲಿಖಿತದಲ್ಲಿ 62 ಬರಬಹುದೆಂದು ಆಕೆ ಎಣಿಸಿದ್ದಳು, ಬಂದದ್ದು 52. ಪ್ರವೇಶಕ್ಕೆ ಲೆಕ್ಕ ಹಿಡಿಯುವ ಐದು ವಿಷಯಗಳ ಮೊತ್ತ 500ಕ್ಕೆ 372, ಅಂದರೆ ಶೇಕಡ 74.4. ಐಐಟಿ ಮತ್ತು ಎನ್‌ಐಟಿಗಳ ಪ್ರವೇಶಕ್ಕೆ ಜೆಇಇ ರ‍್ಯಾಂಕ್ ಜೊತೆಗೆ ಹನ್ನೆರಡನೇ ತರಗತಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 75 ಇರಬೇಕು, ಇಲ್ಲವೇ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಎರಡನೆಯ ದಾರಿಯ ಗಡಿ ಅಂಕ ಎಲ್ಲರ ಫಲಿತಾಂಶದ ಮೇಲೆ ನಿಲ್ಲುವುದರಿಂದ ಅದನ್ನು ನೆಚ್ಚಿ ಕೂರುವಂತಿರಲಿಲ್ಲ. ಒಟ್ಟಿನಲ್ಲಿ ಆಕೆಗೆ ಬೇಕಿದ್ದದ್ದು ಮೂರು ಅಂಕ.

ಆ ಮಂಡಳಿಯಲ್ಲಿ ಕ್ರಮ ಹೀಗಿತ್ತು. ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬೇಕು. ಪ್ರತಿ ಪಡೆದವರು ಮಾತ್ರ ಮುಂದಿನ ಹೆಜ್ಜೆಗೆ ಅರ್ಹರು. ಮುಂದಿನ ಹೆಜ್ಜೆಯಲ್ಲಿ ಎರಡು ಬಗೆ ಇವೆ. ಮರುಎಣಿಕೆಯಲ್ಲಿ ಕೂಡುವಿಕೆ, ಒಳಪುಟದಿಂದ ಮುಖಪುಟಕ್ಕೆ ಅಂಕ ಏರಿಸಿರುವುದು ಮತ್ತು ಅಂಕವನ್ನೇ ಹಾಕದೆ ಬಿಟ್ಟ ಉತ್ತರಗಳು, ಇವಿಷ್ಟನ್ನು ನೋಡುತ್ತಾರೆ. ಕೊಟ್ಟ ಅಂಕವನ್ನು ಮುಟ್ಟುವುದಿಲ್ಲ. ಮರುಮೌಲ್ಯಮಾಪನದಲ್ಲಿ ಬೇರೆ ಮೌಲ್ಯಮಾಪಕರು ಇಡೀ ಪತ್ರಿಕೆಯನ್ನು ಹೊಸದಾಗಿ ತಿದ್ದುತ್ತಾರೆ, ಬಿಟ್ಟುಹೋದ ಭಾಗಗಳೂ ಅದರಲ್ಲೇ ಬರುತ್ತವೆ. ಅಲ್ಲಿ ಬಂದ ಅಂಕ ಏರಿದರೂ ಇಳಿದರೂ ಅದೇ ಅಂತಿಮ. ಮರುಮೌಲ್ಯಮಾಪನದ ಶುಲ್ಕ ಸ್ಕ್ಯಾನ್ ಪ್ರತಿಯ ಶುಲ್ಕದ ಮೂರು ಪಟ್ಟಿನಷ್ಟಿತ್ತು. ಪ್ರತಿ ಕೈಗೆ ಬಂದ ಮೇಲೆ ನಿರ್ಧಾರಕ್ಕೆ ಉಳಿಯುತ್ತಿದ್ದದ್ದು ಕೆಲವೇ ದಿನ.

ತಿದ್ದಿದ ಉತ್ತರಪತ್ರಿಕೆಯನ್ನು ಬರೆದವರೇ ನೋಡುವುದು ಇಂದು ಸಹಜವೆನಿಸಿದೆ. ಆದರೆ ತಿದ್ದಿದ ಪತ್ರಿಕೆಯೂ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ‘ಮಾಹಿತಿ’ಯೇ, ಅದನ್ನು ಅಭ್ಯರ್ಥಿಗೆ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ. ತಿದ್ದಿದವರ ಗುರುತು ಹೊರಬರಬಾರದು ಎಂದೂ ಅದೇ ತೀರ್ಪು ಹೇಳುತ್ತದೆ. ಪತ್ರಿಕೆಯನ್ನು ನೋಡುವ ಹಕ್ಕು ಇದೆಯೆಂದ ಮಾತ್ರಕ್ಕೆ ಅದನ್ನು ಮತ್ತೆ ತಿದ್ದಿಸುವ ಹಕ್ಕು ತಾನಾಗಿ ಬರುವುದಿಲ್ಲ. ಅದಕ್ಕೆ ಆಯಾ ಮಂಡಳಿಯ ನಿಯಮದಲ್ಲೇ ಅವಕಾಶ ಇರಬೇಕು, ನ್ಯಾಯಾಲಯ ತಾನೇ ಕುಳಿತು ಉತ್ತರ ತಿದ್ದಲು ಹೋಗಬಾರದು ಎಂಬ ನಿಲುವನ್ನು 2017ರ ರಣ್ ವಿಜಯ್ ಸಿಂಗ್ ತೀರ್ಪಿನಲ್ಲಿ ಕಾಣಬಹುದು. ಹೀಗಾಗಿ ಮಂಡಳಿ ಕೊಡುವ ಒಂದೇ ಒಂದು ಅವಕಾಶವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ.

ಮೊದಲ ಹೋಲಿಕೆ

ನನ್ನ ಬಳಿ ಬರುವ ಹೊತ್ತಿಗೆ ವಿದ್ಯಾರ್ಥಿನಿ ಒಂದು ಸುತ್ತು ಹೋಲಿಕೆ ಮುಗಿಸಿದ್ದಳು. ಪರೀಕ್ಷೆ ನಡೆದ ಸಂಜೆಯೇ ಒಂದು ಕೋಚಿಂಗ್ ಕೇಂದ್ರ ಹೊರತಂದ ಬಿಡಿಸಿದ ಉತ್ತರಗಳನ್ನು ಎದುರಿಗಿಟ್ಟುಕೊಂಡು, ತನ್ನ ಉತ್ತರ ಅದಕ್ಕೆ ಹೊಂದಿಕೊಂಡ ಕಡೆಯೆಲ್ಲ ಪೂರ್ಣ ಅಂಕ ಬರೆದುಕೊಂಡು, ಒಂಬತ್ತು ಅಂಕ ಅನ್ಯಾಯವಾಗಿ ಹೋಗಿದೆ ಎಂಬ ಪಟ್ಟಿಯನ್ನು ತಂದಿದ್ದಳು. ಎಲ್‌ಸಿಆರ್ ಲೆಕ್ಕದಲ್ಲಿ ಮೂರು, ವಿದ್ಯುತ್ ದ್ವಿಧ್ರುವಿಯ ಸಾಧನೆಯಲ್ಲಿ ಮೂರು, ರೆಕ್ಟಿಫೈಯರ್ ಪ್ರಶ್ನೆಯಲ್ಲಿ ಒಂದು, ಲೆಂಜ್ ನಿಯಮದಲ್ಲಿ ಒಂದು, ಒಂದು ಕಿರಣ ಚಿತ್ರದಲ್ಲಿ ಒಂದು.

ಪಟ್ಟಿಯಲ್ಲಿ ಶ್ರದ್ಧೆಗೇನೂ ಕೊರತೆ ಇರಲಿಲ್ಲ. ತೊಡಕಿದ್ದದ್ದು ಅಳತೆಗೋಲಿನಲ್ಲಿ. ಕೋಚಿಂಗ್ ಕೇಂದ್ರದ ಉತ್ತರ ‘ಸರಿಯಾದ ಉತ್ತರ ಯಾವುದು’ ಎಂದಷ್ಟೇ ಹೇಳುತ್ತದೆ. ಯಾವ ಹಂತಕ್ಕೆ ಎಷ್ಟು ಅಂಕ ಎಂಬುದು ಅದರಲ್ಲಿ ಇರುವುದಿಲ್ಲ. ಮೌಲ್ಯಮಾಪಕರ ಮೇಜಿನ ಮೇಲಿರುವುದು ಮಂಡಳಿಯ ಸ್ಕೀಮ್. ಅದರಲ್ಲಿ ಪ್ರತಿ ಉತ್ತರವೂ ತುಂಡು ತುಂಡಾಗಿರುತ್ತದೆ: ಚಿತ್ರಕ್ಕೆ ಒಂದು, ಸೂತ್ರಕ್ಕೆ ಒಂದು, ಬೆಲೆ ಮತ್ತು ಏಕಮಾನಕ್ಕೆ ಒಂದು. ತಿದ್ದುವವರು ಇಡೀ ಉತ್ತರವನ್ನು ಓದಿ ಮೆಚ್ಚಿ ಅಂಕ ಕೊಡುವುದಿಲ್ಲ, ಆ ತುಂಡುಗಳನ್ನು ಹುಡುಕುತ್ತಾರೆ. ಆ ಮಂಡಳಿ ಸ್ಕೀಮನ್ನು ತನ್ನ ಜಾಲತಾಣದಲ್ಲಿ ಹಾಕಿತ್ತು, ಆಕೆಗೆ ಅದು ಗೊತ್ತಿರಲಿಲ್ಲ. ಅದನ್ನು ಮುದ್ರಿಸಿ ತಂದ ಮೇಲೆ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು.

ಎರಡನೆಯ ಹೋಲಿಕೆ: ಅಂಕವನ್ನು ಮುಚ್ಚಿಟ್ಟು ತಿದ್ದುವುದು

ಕೊಟ್ಟ ಅಂಕ ಕಣ್ಣೆದುರಿಗಿದ್ದರೆ ಯಾರಿಗಾದರೂ ಅದರ ಪರ ಅಥವಾ ವಿರುದ್ಧ ವಾದ ಹೂಡುವ ಮನಸ್ಸಾಗುತ್ತದೆ. ಆದ್ದರಿಂದ ಸ್ಕ್ಯಾನ್ ಪ್ರತಿಯನ್ನು ಮುದ್ರಿಸಿ, ಕೆಂಪು ಶಾಯಿಯ ಅಂಕಗಳಿದ್ದ ಎಡ ಅಂಚಿನ ಮೇಲೆ ಪ್ರತಿ ಪುಟದಲ್ಲೂ ಒಂದು ಬಿಳಿ ಕಾಗದದ ಪಟ್ಟಿಯನ್ನು ಸಿಕ್ಕಿಸಿ, ಮುಖಪುಟವನ್ನು ಬೇರೆ ತೆಗೆದಿಟ್ಟೆವು. ಉತ್ತರದ ನಡುವೆ ಇದ್ದ ಗೆರೆ, ಟಿಕ್ ಗುರುತುಗಳನ್ನು ಮರೆಮಾಡಲಾಗಲಿಲ್ಲ, ಅದು ಈ ವಿಧಾನದ ಮಿತಿ. ನಾನು ಒಂದು ಪ್ರತಿಯನ್ನು ಸ್ಕೀಮ್ ಹಿಡಿದು ತಿದ್ದಿದೆ. ಮೌಲ್ಯಮಾಪನ ಶಿಬಿರಗಳಿಗೆ ಹೋಗಿ ಅನುಭವವಿದ್ದ ಒಬ್ಬ ಸಹೋದ್ಯೋಗಿ ಇನ್ನೊಂದು ಪ್ರತಿಯನ್ನು ತಿದ್ದಿದರು. ಅದು ಯಾರ ಪತ್ರಿಕೆ, ಬಂದ ಅಂಕ ಎಷ್ಟು ಎಂಬುದು ಅವರಿಗೆ ತಿಳಿದಿರಲಿಲ್ಲ. ವಿದ್ಯಾರ್ಥಿನಿಗೂ ಸ್ಕೀಮ್ ಕೊಟ್ಟು, ತನ್ನದನ್ನು ತಾನೇ ತಿದ್ದಲು ಹೇಳಿದೆ.

ಆಕೆ ಮರುದಿನ ಬಂದಾಗ ಒಂಬತ್ತರ ಪಟ್ಟಿ ತಾನಾಗಿಯೇ ಕರಗಿತ್ತು. ಲೆಂಜ್ ನಿಯಮವನ್ನು ಆಕೆ ತೋರಿಸಿದ ರೀತಿ ನೆನಪಿದೆ.

“ಸರ್, ‘ಪ್ರೇರಿತ ವಿದ್ಯುತ್ ಪ್ರವಾಹವು ಕಾಂತೀಯ ಅಭಿವಾಹವನ್ನು ವಿರೋಧಿಸುತ್ತದೆ’ ಅಂತ ಬರೆದಿದ್ದೀನಿ. ಸ್ಕೀಮಲ್ಲಿ ‘ಅಭಿವಾಹದ ಬದಲಾವಣೆಯನ್ನು’ ಅಂತಿದೆ. ಒಂದು ಪದ ತಾನೇ ಬಿಟ್ಟಿರೋದು?”

“ಆ ಪದವೇ ನಿಯಮ ಕಣಮ್ಮ. ಅಭಿವಾಹ ಕಡಿಮೆಯಾಗ್ತಾ ಇದ್ದರೆ ಪ್ರೇರಿತ ಪ್ರವಾಹ ಅದನ್ನು ವಿರೋಧಿಸತ್ತಾ, ಉಳಿಸಿಕೊಳ್ಳೋಕೆ ನೋಡತ್ತಾ?”

ಆಕೆ ಸ್ವಲ್ಪ ಹೊತ್ತು ಯೋಚಿಸಿ ಆ ಸಾಲನ್ನು ತಾನೇ ಹೊಡೆದು ಹಾಕಿದಳು. ಕಿರಣ ಚಿತ್ರದಲ್ಲಿ ಬಾಣದ ಗುರುತುಗಳೇ ಇರಲಿಲ್ಲ, ಸ್ಕೀಮ್ ಅದನ್ನು ಸ್ಪಷ್ಟವಾಗಿ ಕೇಳಿತ್ತು. ಅದೂ ಹೋಯಿತು.

ಎಲ್‌ಸಿಆರ್ ಲೆಕ್ಕ ಇನ್ನಷ್ಟು ಬಿಗಿಯಾದದ್ದು. 100 ಓಮ್ ರೋಧ, 0.5 ಹೆನ್ರಿ ಇಂಡಕ್ಟರ್, 50 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿವೆ. 220 ವೋಲ್ಟ್, 50 ಹರ್ಟ್ಸ್ ಪೂರೈಕೆಗೆ ಪ್ರವಾಹ ಮತ್ತು ಪವರ್ ಫ್ಯಾಕ್ಟರ್ ಕಂಡುಹಿಡಿಯಬೇಕು. X_L ಸುಮಾರು 157 ಓಮ್, X_C 63.7 ಓಮ್, ಅಲ್ಲಿಂದ Z ಸುಮಾರು 136.8 ಓಮ್, ಪ್ರವಾಹ 1.61 ಆಂಪಿಯರ್, ಪವರ್ ಫ್ಯಾಕ್ಟರ್ 0.73. ಆಕೆ X_C ಬೆಲೆಯನ್ನು 63.6 ಎಂದು ಬಿಡಿಸಿಕೊಂಡು, ಮುಂದಿನ ಸಾಲಿಗೆ ಇಳಿಸುವಾಗ 36.6 ಎಂದು ಬರೆದು, ಅದಕ್ಕೇ ಚೌಕಟ್ಟನ್ನೂ ಹಾಕಿದ್ದಳು. ಅಲ್ಲಿಂದ ಮುಂದೆ ಎಲ್ಲವೂ ಆ ತಪ್ಪು ಬೆಲೆಯೊಂದಿಗೆ ಸರಿಯಾಗಿಯೇ ನಡೆದಿತ್ತು: Z 156.5 ಓಮ್, ಪ್ರವಾಹ 1.41 ಆಂಪಿಯರ್. ಒಂದೇ ತಪ್ಪಿಗೆ ಮೂರು ಅಂಕ ಕಳೆಯುವುದು ಅನ್ಯಾಯವೆಂಬುದು ಆಕೆಯ ವಾದ, ಅದರಲ್ಲಿ ತಿರುಳೂ ಇದೆ. ಒಮ್ಮೆ ಆದ ತಪ್ಪಿಗೆ ಒಮ್ಮೆ ಮಾತ್ರ ದಂಡ ಹಾಕಿ, ಮುಂದಿನ ಹಂತಗಳ ವಿಧಾನಕ್ಕೆ ಅಂಕ ಕೊಡುವ ಪದ್ಧತಿ ಕೆಲವು ಪರೀಕ್ಷೆಗಳಲ್ಲಿ ಇದೆ. ಆದರೆ ಈ ಸ್ಕೀಮ್ X_L ಬೆಲೆ, X_C ಬೆಲೆ, Z ಸೂತ್ರ, ಪ್ರವಾಹದ ಬೆಲೆ, ಪವರ್ ಫ್ಯಾಕ್ಟರ್ ಬೆಲೆ ಎಂದು ಐದು ಅಂಕವನ್ನು ಹಂಚಿತ್ತು. ಐದರಲ್ಲಿ ನಾಲ್ಕು ಅಂಕ ನಿಂತದ್ದು ಬೆಲೆಗಳ ಮೇಲೆ, ಅವುಗಳಲ್ಲಿ ಸರಿಯಿದ್ದದ್ದು X_L ಒಂದೇ. X_L ಬೆಲೆಗೂ Z ಸೂತ್ರಕ್ಕೂ ಸೇರಿ ಆಕೆಗೆ ಬಂದದ್ದು ಎರಡು, ಸ್ಕೀಮಿನ ಪ್ರಕಾರ ಬರಬೇಕಾದದ್ದೂ ಎರಡು. ನಾವಿಬ್ಬರೂ ಬೇರೆ ಬೇರೆಯಾಗಿ ಅಷ್ಟನ್ನೇ ಕೊಟ್ಟಿದ್ದೆವು.

ಉಳಿದದ್ದು ಎರಡು ಬಾಬತ್ತು.

ಒಂದು, ಪೂರ್ಣ ತರಂಗ ರೆಕ್ಟಿಫೈಯರ್. ಸ್ಕೀಮ್ ಪ್ರಕಾರ ಮಂಡಲದ ಚಿತ್ರಕ್ಕೆ ಒಂದು, ಕಾರ್ಯವಿಧಾನಕ್ಕೆ ಒಂದು, ಒಳ ಮತ್ತು ಹೊರ ತರಂಗರೂಪಗಳಿಗೆ ಒಂದು. ಬಂದದ್ದು ಎರಡು. ತರಂಗರೂಪಗಳನ್ನು ಆಕೆ ಮರೆತು, ನಡುವೆ ಇನ್ನೊಂದು ಉತ್ತರ ಬರೆದು, ಎರಡು ಪುಟದ ಆಚೆ ಪ್ರಶ್ನೆಯ ಸಂಖ್ಯೆ ಹಾಕಿ ‘ಮುಂದುವರಿದಿದೆ’ ಎಂದು ಬರೆದು ಬಿಡಿಸಿದ್ದಳು. ಆ ಅರ್ಧ ಪುಟದ ಮೇಲೆ ಟಿಕ್ ಇಲ್ಲ, ತಪ್ಪು ಗುರುತಿಲ್ಲ, ಸೊನ್ನೆಯೂ ಇಲ್ಲ. ಸ್ಕ್ಯಾನ್ ಪ್ರತಿಯಲ್ಲಿ ಮೊದಲು ಹುಡುಕಬೇಕಾದದ್ದು ಇಂಥ ಬರಿಯ ಜಾಗವನ್ನು. ಕೆಂಪು ಶಾಯಿಯಲ್ಲಿ ಸೊನ್ನೆ ಇದ್ದರೆ ಯಾರೋ ಓದಿ ತೀರ್ಮಾನ ಮಾಡಿದ್ದಾರೆ ಎಂದರ್ಥ. ಏನೂ ಇಲ್ಲದಿದ್ದರೆ ಓದಿಲ್ಲ ಎಂದೇ ಬಹುಮಟ್ಟಿಗೆ ಹೇಳಬಹುದು, ಅದನ್ನು ಮರುಎಣಿಕೆಯಲ್ಲೇ ಸರಿಪಡಿಸಿಕೊಳ್ಳಬಹುದು.

ಇನ್ನೊಂದು, ವಿದ್ಯುತ್ ದ್ವಿಧ್ರುವಿಯ ಅಕ್ಷದ ಮೇಲಿನ ಒಂದು ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರದ ಸೂತ್ರವನ್ನು ಸಾಧಿಸುವುದು. ಪಠ್ಯಪುಸ್ತಕದಲ್ಲೂ ಸ್ಕೀಮಿನಲ್ಲೂ ಇರುವ ದಾರಿ ಒಂದೇ: +q ಮತ್ತು −q ವಿದ್ಯುದಂಶಗಳು ಉಂಟುಮಾಡುವ ಕ್ಷೇತ್ರಗಳನ್ನು ಬೇರೆ ಬೇರೆ ಬರೆದು ಕೂಡುವುದು. ಆಕೆ ಹಾಗೆ ಮಾಡಿರಲಿಲ್ಲ. ಮೊದಲು ವಿಭವವನ್ನು ಬರೆದು, ಅದನ್ನು ಅವಕಲಿಸಿದ್ದಳು:

V = (q/4πε₀) [1/(r−a) − 1/(r+a)] = (1/4πε₀) · p/(r²−a²)

E = −dV/dr = (1/4πε₀) · 2pr/(r²−a²)²

ಇಲ್ಲಿ p = 2aq. r ತುಂಬಾ ದೊಡ್ಡದಾದಾಗ E = 2p/4πε₀r³ ಎಂದು ಮುಗಿಸಿದ್ದಳು. ಲೋಪವಿಲ್ಲದ ಸಾಧನೆ, ನನ್ನ ಕಣ್ಣಿಗೆ ಪುಸ್ತಕದ ದಾರಿಗಿಂತ ಚೊಕ್ಕವಾದದ್ದು. ಚಿತ್ರಕ್ಕೆ ಒಂದು, ಕೊನೆಯ ಸೂತ್ರಕ್ಕೆ ಒಂದು ಎಂದು ಕೊಟ್ಟು ನಡುವಿನ ಮೂರು ಅಂಕವನ್ನು ಬಿಟ್ಟಿದ್ದರು. ಸ್ಕೀಮಿನ ಮೊದಲ ಪುಟದ ಸಾಮಾನ್ಯ ಸೂಚನೆಗಳಲ್ಲಿ, ಸರಿಯಾದ ಯಾವುದೇ ಪರ್ಯಾಯ ವಿಧಾನಕ್ಕೆ ಸೂಕ್ತ ಅಂಕ ಕೊಡಬೇಕೆಂಬ ಸಾಲು ಇತ್ತು. ಪ್ರಶ್ನೆಯಲ್ಲೂ ಇಂಥದೇ ವಿಧಾನದಿಂದ ಎಂದು ಕೇಳಿರಲಿಲ್ಲ. ಮರುಮೌಲ್ಯಮಾಪನಕ್ಕೆ ಇಷ್ಟು ಗಟ್ಟಿಯಾದ ಕಾರಣ ಅಪರೂಪಕ್ಕೆ ಸಿಗುತ್ತದೆ: ಉತ್ತರ ಸರಿ, ವಿಧಾನ ಬೇರೆ, ಸ್ಕೀಮಿನ ಸೂಚನೆಯೇ ಅದರ ಪರ.

ಆದರೂ ಸಹೋದ್ಯೋಗಿ ಈ ಉತ್ತರಕ್ಕೆ ಐದು ಕೊಡದೆ ನಾಲ್ಕು ಕೊಟ್ಟಿದ್ದರು. ಸ್ಕೀಮಿನಲ್ಲಿ ಕೊನೆಯ ಅಂಕ ‘ಸೂತ್ರ ಮತ್ತು ದಿಕ್ಕು’ ಎಂದಿತ್ತು. ಕ್ಷೇತ್ರದ ದಿಕ್ಕು ದ್ವಿಧ್ರುವಿ ಮಹತ್ವದ ದಿಕ್ಕಿನಲ್ಲೇ ಇರುತ್ತದೆ ಎಂಬುದನ್ನು ಆಕೆ ಎಲ್ಲೂ ಬರೆದಿರಲಿಲ್ಲ. ಚಿತ್ರದಲ್ಲಿ ಬಾಣವಿದೆಯಲ್ಲ ಎಂದು ನಾನು ಅಂಕ ಕೊಟ್ಟಿದ್ದೆ. ಒಂದೇ ಸ್ಕೀಮ್ ಹಿಡಿದ ಇಬ್ಬರ ನಡುವೆ ಇಷ್ಟು ಅಂತರ ಇರುತ್ತದೆ, ಮೂರನೆಯವರು ಬಂದಾಗಲೂ ಇರುತ್ತದೆ.

ಇಳಿಯಬಹುದಾದ ಅಂಕ

ಇಲ್ಲಿಗೆ ನಿಲ್ಲಿಸಿದ್ದರೆ ಲೆಕ್ಕ ‘ನಾಲ್ಕು ಅಂಕ ಬರಬೇಕು’ ಎಂದಾಗುತ್ತಿತ್ತು. ಹೋಲಿಸುವವರು ಸಾಮಾನ್ಯವಾಗಿ ನಿಲ್ಲುವುದೂ ಇಲ್ಲಿಯೇ, ಏಕೆಂದರೆ ಅಂಕ ಕಡಿಮೆ ಬಂದ ಉತ್ತರಗಳನ್ನಷ್ಟೇ ಅವರು ತೆರೆದು ನೋಡಿರುತ್ತಾರೆ. ಪೂರ್ಣ ಅಂಕ ಬಂದ ಪುಟಗಳನ್ನು ಮತ್ತೆ ಓದಲು ಯಾರಿಗೆ ಮನಸ್ಸಾಗುತ್ತದೆ? ಆದರೆ ಮರುಮೌಲ್ಯಮಾಪಕರು ಅವನ್ನೂ ಓದುತ್ತಾರೆ. ಅಂಚನ್ನು ಮುಚ್ಚಿ ಇಡೀ ಪತ್ರಿಕೆಯನ್ನು ತಿದ್ದಿದ್ದರಿಂದ ಒಂದು ಕಡೆ ನಮ್ಮ ಅಂಕ ಮಂಡಳಿಯ ಅಂಕಕ್ಕಿಂತ ಕೆಳಗಿರುವುದು, ಇನ್ನೊಂದು ಕಡೆ ಅಂಕ ಇಳಿಯುವ ಸಾಧ್ಯತೆ ಇರುವುದು ಕಾಗದದ ಪಟ್ಟಿಯನ್ನು ತೆಗೆದಾಗ ಕಂಡಿತು.

ಹೀಲಿಯಂ ಬೀಜದ ಬಂಧನ ಶಕ್ತಿಯ ಲೆಕ್ಕದಲ್ಲಿ ಆಕೆ ಕೊನೆಗೆ 28.3 ಎಂದು ಬರೆದು ಎಂಇವಿ ಎಂಬ ಏಕಮಾನವನ್ನು ಬಿಟ್ಟಿದ್ದಳು. ಸ್ಕೀಮಿನಲ್ಲಿ ಆ ಹಂತ ‘ಏಕಮಾನ ಸಹಿತ ಉತ್ತರ, ಒಂದು ಅಂಕ’ ಎಂದಿತ್ತು. ಮೊದಲ ಮೌಲ್ಯಮಾಪಕರು ಪೂರ್ಣ ಅಂಕ ಕೊಟ್ಟಿದ್ದರು, ನಾವಿಬ್ಬರೂ ಒಂದು ಕಳೆದಿದ್ದೆವು. ಇನ್ನೊಂದು, ಡಯಾ ಮತ್ತು ಫೆರೋ ಕಾಂತೀಯ ವಸ್ತುಗಳ ನಡುವಿನ ಎರಡು ವ್ಯತ್ಯಾಸಗಳು. ಆಕೆ ಬರೆದ ಮೊದಲನೆಯದು, ಡಯಾ ವಸ್ತು ಅಯಸ್ಕಾಂತದಿಂದ ವಿಕರ್ಷಿತವಾಗುತ್ತದೆ, ಫೆರೋ ವಸ್ತು ಬಲವಾಗಿ ಆಕರ್ಷಿತವಾಗುತ್ತದೆ ಎಂದು. ಎರಡನೆಯದು, ಅಸಮ ಕ್ಷೇತ್ರದಲ್ಲಿ ಡಯಾ ವಸ್ತು ಪ್ರಬಲ ಭಾಗದಿಂದ ದುರ್ಬಲ ಭಾಗಕ್ಕೆ ಸರಿಯುತ್ತದೆ, ಫೆರೋ ಅದಕ್ಕೆ ವಿರುದ್ಧವಾಗಿ ಸರಿಯುತ್ತದೆ ಎಂದು. ಇವು ಒಂದೇ ಗುಣದ ಎರಡು ಹೇಳಿಕೆಗಳೆಂದು ಬಿಗಿಯಾದ ಮೌಲ್ಯಮಾಪಕರು ಭಾವಿಸಿದರೆ ಒಂದು ಅಂಕ ಹೋಗುತ್ತದೆ. ನಾವಿಬ್ಬರೂ ಕಳೆದಿರಲಿಲ್ಲ. ನನ್ನ ಸಹೋದ್ಯೋಗಿ ಮಾತ್ರ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ನನ್ನ ಮೊತ್ತ 55, ಅವರದು 54. ಮಂಡಳಿಯದು 52. ಎಲ್ಲವೂ ಪರವಾಗಿ ನಡೆದರೆ 56 ಆಗಬಹುದಿತ್ತು. ದ್ವಿಧ್ರುವಿಯ ಉತ್ತರಕ್ಕೆ ಹೊಸದಾಗಿ ಏನೂ ಸಿಗದೆ, ತರಂಗರೂಪಕ್ಕೆ ಮಾತ್ರ ಅಂಕ ಬಂದು, ಕಳೆಯಬಹುದಾದ ಎರಡೂ ಹೋದರೆ 51.

ನಿರ್ಧಾರ

ಇದರ ನಡುವೆ ಗಣಿತದ ಸ್ಕ್ಯಾನ್ ಪ್ರತಿಯೂ ಬಂದಿತ್ತು. ಅದರಲ್ಲಿ ಸ್ಕೀಮಿಗೂ ಕೊಟ್ಟ ಅಂಕಕ್ಕೂ ಜಗಳವೇ ಇರಲಿಲ್ಲ. ಒಂದೆರಡು ಕಡೆ ಉದಾರವಾಗಿಯೇ ಕೊಟ್ಟಿದ್ದರು. ಆದರೆ ಒಂದು ಉತ್ತರಕ್ಕೆ ಒಳಪುಟದಲ್ಲಿ 4 ಎಂದಿದ್ದದ್ದು ಮುಖಪುಟದ ಚೌಕದಲ್ಲಿ 3 ಎಂದಾಗಿತ್ತು. ಗಣಿತಕ್ಕೆ ಮರುಎಣಿಕೆ ಮಾತ್ರ ಸಾಕು, ಮರುಮೌಲ್ಯಮಾಪನ ಬೇಡವೇ ಬೇಡ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಖಚಿತವಾದ ಒಂದು ಅಂಕ ಅಲ್ಲಿತ್ತು, ಉದಾರವಾಗಿ ಬಂದದ್ದನ್ನು ಮತ್ತೆ ತೆರೆದಿಡುವ ಅಗತ್ಯವಿರಲಿಲ್ಲ.

ಚರ್ಚೆಯಾದದ್ದು ಭೌತಶಾಸ್ತ್ರದ ಬಗ್ಗೆ. ಇಲ್ಲೂ ಮರುಎಣಿಕೆಯನ್ನಷ್ಟೇ ಕೇಳಿದರೆ ತರಂಗರೂಪದ ಒಂದು ಅಂಕ ಹೆಚ್ಚುಕಡಿಮೆ ಖಚಿತ, ಇಳಿಯುವ ಭಯವಿಲ್ಲ. ಗಣಿತದ ಒಂದು ಸೇರಿ ಒಟ್ಟು 374. ಮರುಮೌಲ್ಯಮಾಪನ ಕೇಳಿದರೆ ಭೌತಶಾಸ್ತ್ರದಲ್ಲಿ 51ರಿಂದ 56ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು, ಒಟ್ಟು ಮೊತ್ತ 372ರಿಂದ 377.

ತಂದೆಯ ಆತಂಕ ಇಳಿಯುವುದರ ಬಗ್ಗೆ ಇತ್ತು. ಕರ್ನಾಟಕದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಹನ್ನೆರಡನೇ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕವಿದೆ. ಆಕೆ ಸಿಇಟಿಯನ್ನೂ ಬರೆದಿದ್ದಳು, ಆದ್ದರಿಂದ ಒಂದು ಅಂಕ ಹೋದರೂ ಅಲ್ಲಿ ರ‍್ಯಾಂಕ್ ಜಾರಬಹುದೆಂಬುದು ಅವರ ಮಾತು. ಆ ಮಾತು ಸರಿಯೇ. ಆದರೆ ಎರಡು ಪ್ರವೇಶಗಳ ಸ್ವಭಾವ ಬೇರೆ. ಸಿಇಟಿಯಲ್ಲಿ ಅಂಕ ಒಂದೊಂದಾಗಿ ತೂಗುತ್ತದೆ, ಒಂದು ಅಂಕ ಹೋದರೆ ಅಷ್ಟೇ ನಷ್ಟ. ಶೇಕಡ 75ರದು ಹೊಸ್ತಿಲು. 374ಕ್ಕೂ 372ಕ್ಕೂ ಅಲ್ಲಿ ವ್ಯತ್ಯಾಸವೇ ಇಲ್ಲ, 375ಕ್ಕೆ ಮಾತ್ರ ಬೆಲೆ. ಅಪಾಯವಿಲ್ಲದ ದಾರಿ ಆಕೆಯನ್ನು ಹೊಸ್ತಿಲಿನ ಒಂದು ಅಂಕ ಕೆಳಗೆ ತಂದು ನಿಲ್ಲಿಸುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಜೆಇಇ ರ‍್ಯಾಂಕ್‌ನಲ್ಲಿ ಆಕೆಗೆ ಬೇಕಾದ ಶಾಖೆ ಸಿಗುವ ಸಾಧ್ಯತೆ ನಿಜವಾಗಿ ಇದೆಯೇ? ಇಲ್ಲವಾದರೆ ಹೊಸ್ತಿಲಿಗೆ ಅರ್ಥವಿಲ್ಲ, ಸಿಇಟಿಯನ್ನೇ ಕಾಯ್ದುಕೊಂಡು ಮರುಎಣಿಕೆಗೆ ನಿಲ್ಲಬೇಕು. ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್‌ಗಳನ್ನು ಅವರು ಮನೆಯಲ್ಲಿ ಕೂತು ನೋಡಿ ಬಂದರು. ರಾಜ್ಯದ ಕೋಟಾದಲ್ಲಿ ಸಾಧ್ಯತೆ ಇತ್ತು. ಭೌತಶಾಸ್ತ್ರಕ್ಕೆ ಮರುಮೌಲ್ಯಮಾಪನ, ಗಣಿತಕ್ಕೆ ಮರುಎಣಿಕೆ ಎಂದು ತೀರ್ಮಾನವಾಯಿತು. ನಾವಿಬ್ಬರೂ ಬೇರೆ ಬೇರೆ ಕಾರಣಕ್ಕೆ 54ಕ್ಕೆ ಕಡಿಮೆ ಕೊಡದೇ ಇದ್ದದ್ದು ಈ ತೀರ್ಮಾನಕ್ಕೆ ಆಧಾರವಾಯಿತು, ಏಕೆಂದರೆ ಭೌತಶಾಸ್ತ್ರದಲ್ಲಿ ಬೇಕಿದ್ದದ್ದು ಎರಡೇ ಅಂಕ. ನಮ್ಮಲ್ಲೊಬ್ಬರು 53ಕ್ಕೆ ನಿಂತಿದ್ದರೆ ಅವರಿಗೆ ನಾನು ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ.

ಅರ್ಜಿಯಲ್ಲಿ ಕಾರಣ ಬರೆಯಲು ಜಾಗವೇ ಇರಲಿಲ್ಲ. ದ್ವಿಧ್ರುವಿಯ ಉತ್ತರದ ಬಗ್ಗೆ ವಿವರವಾದ ಮನವಿಯೊಂದನ್ನು ಸಿದ್ಧಪಡಿಸಿಕೊಂಡಿದ್ದ ಆಕೆಗೆ ಇದರಿಂದ ನಿರಾಸೆಯಾಯಿತು. ಮರುಮೌಲ್ಯಮಾಪಕರಿಗೆ ಸಿಗುವುದು ಹಳೆಯ ಅಂಕಗಳನ್ನು ಮರೆಮಾಡಿದ ಪತ್ರಿಕೆ ಮತ್ತು ಸ್ಕೀಮ್, ಅಭ್ಯರ್ಥಿಯ ವಾದ ಅವರನ್ನು ತಲುಪುವುದಿಲ್ಲ. ಹೋಲಿಕೆಯಲ್ಲಿ ಕಂಡುಕೊಂಡದ್ದು ಅರ್ಜಿ ಹಾಕಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಉಪಯೋಗ, ತಿದ್ದುವವರನ್ನು ಒಪ್ಪಿಸಲು ಅಲ್ಲ. ಹಾಗಾಗಿ ಪತ್ರಿಕೆ ತಾನಾಗಿಯೇ ಹೇಳಬಲ್ಲದ್ದನ್ನು ಮಾತ್ರ ಎಣಿಕೆಗೆ ಹಿಡಿಯಬೇಕು. “ನನ್ನ ಅರ್ಥ ಹೀಗಿತ್ತು” ಎಂದು ಪಕ್ಕದಲ್ಲಿ ನಿಂತು ವಿವರಿಸಬೇಕಾದ ಉತ್ತರವನ್ನು ಸೊನ್ನೆ ಎಂದೇ ಬಗೆಯುವುದು ಕ್ಷೇಮ.

ಆದದ್ದು

ಗಣಿತದ ಒಂದು ಅಂಕ ಮೊದಲು ಬಂತು. ಭೌತಶಾಸ್ತ್ರದ ಫಲಿತಾಂಶ ಪ್ರವೇಶ ದಾಖಲೆಗಳ ಪರಿಶೀಲನೆಗೆ ಸ್ವಲ್ಪ ಮುಂಚೆ ಬಂತು: 54. ಒಟ್ಟು 375. ತಿದ್ದುಪಡಿಯಾದ ಅಂಕಪಟ್ಟಿ ಕೈಗೆ ಬರಲು ತಡವಾಯಿತು. ಅಲ್ಲಿಯವರೆಗೆ ಮಂಡಳಿಯ ಜಾಲತಾಣದಲ್ಲಿ ಕಾಣುತ್ತಿದ್ದ ಹೊಸ ಅಂಕದ ಮುದ್ರಿತ ಪ್ರತಿಗೆ ಕಾಲೇಜಿನ ಪ್ರಾಂಶುಪಾಲರ ಸಹಿ ಹಾಕಿಸಿಟ್ಟುಕೊಂಡಿದ್ದು ಪರಿಶೀಲನೆಯ ದಿನ ಉಪಯೋಗಕ್ಕೆ ಬಂತು.

ಫಲಿತಾಂಶದಲ್ಲಿ ಹೊಸ ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ತಿಳಿಯಲು ಆಕೆ ಮಾಹಿತಿ ಹಕ್ಕಿನಡಿ ಮರುಮೌಲ್ಯಮಾಪನದ ಪ್ರತಿಯನ್ನು ಕೇಳಿದಳು. ಈ ದಾರಿಯಲ್ಲಿ ಖರ್ಚು ಕಡಿಮೆ. ಕೇಂದ್ರದ ನಿಯಮಗಳಲ್ಲಿ ಅರ್ಜಿಗೆ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಆದರೆ ಉತ್ತರಕ್ಕೆ 30 ದಿನಗಳ ಅವಧಿ ಇರುತ್ತದೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಗಡುವಿಗೆ ಇದು ಹೊಂದುವುದಿಲ್ಲವಾದ್ದರಿಂದ, ಮೊದಲ ಪ್ರತಿಯನ್ನು ಮಂಡಳಿಯ ಶುಲ್ಕ ಕಟ್ಟಿಯೇ ಪಡೆಯುವುದು ಅನಿವಾರ್ಯ. ಎಲ್ಲ ಮುಗಿದ ಮೇಲೆ ಕುತೂಹಲಕ್ಕೋ ಪಾಠಕ್ಕೋ ನೋಡುವವರಿಗೆ ಆರ್‌ಟಿಐ ಸಾಕು.

ಬಂದ ಪ್ರತಿಯಲ್ಲಿ ದ್ವಿಧ್ರುವಿಯ ಉತ್ತರಕ್ಕೆ ನಾಲ್ಕು ಅಂಕವಿತ್ತು. ದಿಕ್ಕಿನ ಒಂದನ್ನು ನನ್ನ ಸಹೋದ್ಯೋಗಿಯಂತೆಯೇ ಕಳೆದಿದ್ದರು. ತರಂಗರೂಪಕ್ಕೆ ಒಂದು ಬಂದಿತ್ತು. ಏಕಮಾನವಿಲ್ಲದ 28.3ಕ್ಕೆ ಈ ಬಾರಿಯೂ ಪೂರ್ಣ ಅಂಕ. ಆದರೆ ಡಯಾ ಮತ್ತು ಫೆರೋ ವ್ಯತ್ಯಾಸಗಳಲ್ಲಿ ಎರಡನೆಯದರ ಮೇಲೆ ಗೆರೆ ಎಳೆದು ಒಂದು ಕಳೆದಿದ್ದರು. ಅಂದರೆ ನಾವಿಬ್ಬರೂ ಕಳೆದಿದ್ದ ಅಂಕ ಉಳಿದಿತ್ತು, ಇಬ್ಬರೂ ಉಳಿಸಿದ್ದ ಅಂಕ ಹೋಗಿತ್ತು. ಮೊತ್ತ ಸಹೋದ್ಯೋಗಿಯದಕ್ಕೆ ಸರಿಹೊಂದಿದ್ದು ಒಳಗಿನ ತಪ್ಪುಗಳು ಒಂದಕ್ಕೊಂದು ಕಳೆದುಹೋದದ್ದರಿಂದ. ಒಂದೊಂದು ಉತ್ತರಕ್ಕೆ ಎಷ್ಟು ಬರುತ್ತದೆಂದು ಮುಂಗಾಣುವುದು ಕಷ್ಟ, ಮೊತ್ತ ಯಾವ ವ್ಯಾಪ್ತಿಯಲ್ಲಿ ನಿಲ್ಲುತ್ತದೆಂದು ಹೇಳುವುದು ಅಷ್ಟು ಕಷ್ಟವಲ್ಲ ಎಂಬುದನ್ನು ಈ ಪ್ರತಿ ಚೆನ್ನಾಗಿ ತೋರಿಸುತ್ತದೆ. ಏರಬಹುದಾದ ನಾಲ್ಕರಲ್ಲಿ ಮೂರು ಒಂದೇ ಉತ್ತರದಲ್ಲಿ ಇದ್ದದ್ದು ಈ ಪ್ರಕರಣದ ಬಲಹೀನತೆಯೂ ಹೌದು. ಆ ಒಂದು ಪುಟವನ್ನು ಅವಸರದಲ್ಲಿ ತಿದ್ದುವವರು ಮತ್ತೆ ಸಿಕ್ಕಿದ್ದರೆ ಮೊತ್ತ 52ಕ್ಕೇ ಹಿಂತಿರುಗುತ್ತಿತ್ತು.

ಅದೇ ವಾರ ಆಕೆಯ ಸಹಪಾಠಿಯೊಬ್ಬನೂ ತನ್ನ ಪ್ರತಿಯನ್ನು ತಂದಿದ್ದ. ಅವನಿಗೆ ಬಂದದ್ದು 58, ತನಗೆ ಆರು ಅಂಕ ಬರಬೇಕೆಂದು ಎಣಿಸಿದ್ದ. ಅಂಚು ಮುಚ್ಚಿ ತಿದ್ದಿದಾಗ ನನ್ನ ಮೊತ್ತ 58, ಸಹೋದ್ಯೋಗಿಯದು 57. ಬಿಟ್ಟುಹೋದ ಉತ್ತರವಿಲ್ಲ, ಕೂಡುವಿಕೆಯಲ್ಲಿ ತಪ್ಪಿಲ್ಲ, ದಾಟಬೇಕಾದ ಹೊಸ್ತಿಲೂ ಇಲ್ಲ. ಅವನ ಆರೂ ಅಂಕಗಳು ‘ಹೆಚ್ಚು ಬರೆದಿದ್ದೇನೆ’ ಎಂಬ ಬಗೆಯವು. ಸ್ಕೀಮ್ ಎರಡು ಅಂಶ ಕೇಳಿದ ಕಡೆ ಐದು ಬರೆದು, ಬೇಕಾದ ಎರಡರಲ್ಲಿ ಒಂದನ್ನು ಬಿಟ್ಟಿದ್ದ. ಅವನು ಅರ್ಜಿ ಹಾಕಲಿಲ್ಲ.

ಎಲ್‌ಸಿಆರ್ ಲೆಕ್ಕಕ್ಕೆ ಮರುಮೌಲ್ಯಮಾಪಕರೂ ಎರಡೇ ಕೊಟ್ಟಿದ್ದರು. ವಿದ್ಯಾರ್ಥಿನಿ ಅದನ್ನು ಇವತ್ತಿಗೂ ಒಪ್ಪಿಲ್ಲ. ಆಕೆಯ ಆಕ್ಷೇಪ ನಿಜವಾಗಿ ಸೇರಬೇಕಾದದ್ದು ಮೌಲ್ಯಮಾಪನ ಶುರುವಾಗುವ ಮುನ್ನ ಸ್ಕೀಮನ್ನು ಅಂತಿಮಗೊಳಿಸುವ ಸಭೆಗೆ. ಮಾದರಿ ಉತ್ತರಗಳನ್ನು ಪ್ರಕಟಿಸಿ ಕೆಲ ದಿನ ಆಕ್ಷೇಪಣೆಗೆ ತೆರೆದಿಡುವ ಪರೀಕ್ಷೆಗಳಲ್ಲಿ, ‘ಬೆಲೆ ತಪ್ಪಿದರೂ ಮುಂದಿನ ಹಂತದ ವಿಧಾನಕ್ಕೆ ಅಂಕ ಕೊಡಿ’ ಎಂದು ಬರೆದು ಕಳುಹಿಸಲು ಇರುವ ಕಾಲ ಅದು. ಸ್ಕ್ಯಾನ್ ಪ್ರತಿ ಕೈಗೆ ಬರುವ ಹೊತ್ತಿಗೆ ಸ್ಕೀಮ್ ಗಟ್ಟಿಯಾಗಿರುತ್ತದೆ, ಎಷ್ಟು ಬಾರಿ ತಿದ್ದಿಸಿದರೂ ಆ ಎರಡು ಎರಡೇ.